ಸರಿ ಉತ್ತರ ಒಂದೇ ಇರಲಿ

ಪ್ರಶ್ನೆ: ಸೆಟ್ಟೂರಿನ ಕನ್ನಡ ಮಾಧ್ಯಮದ ಶಿಕ್ಷಕಿ ನಾನು. ವಿಸ್ತೀರ್ಣದ ಬಹು ಆಯ್ಕೆ ಪ್ರಶ್ನೆಗಳಿಗೆ ತಪ್ಪು ಆಯ್ಕೆಗಳನ್ನು ಹೇಗೆ ಹೊಂದಿಸಲಿ?

ಉತ್ತರ: ಮೇಡಂ, ತಪ್ಪು ಆಯ್ಕೆಗಳನ್ನು ಮಕ್ಕಳ ನೋಟ್‌ಬುಕ್ಕಿನಿಂದಲೇ ಎತ್ತಿಕೊಳ್ಳಿ. 8 ಮೀಟರ್ ಉದ್ದ, 5 ಮೀಟರ್ ಅಗಲದ ಕಡಲೆಕಾಯಿ ಮಡಿ ಎಂದುಕೊಳ್ಳಿ. ಸರಿ ಉತ್ತರ 40 ಚದರ ಮೀಟರ್. ಸುತ್ತಳತೆ ಲೆಕ್ಕ ಹಾಕಿದ ಮಗು 26 ಎನ್ನುತ್ತದೆ, ಎರಡು ಬಾಹುಗಳನ್ನಷ್ಟೇ ಕೂಡಿದ ಮಗು 13, ಸುತ್ತಳತೆಯ ಸೂತ್ರದಲ್ಲಿರುವ ಎರಡನ್ನು ಇಲ್ಲಿಗೂ ತಂದ ಮಗು 80. ಯಾವುದಕ್ಕೆ ಗುರುತು ಹಾಕಿದೆ ಎಂಬುದರಿಂದಲೇ ಮಗು ಎಲ್ಲಿ ಎಡವಿತೆಂದು ತಿಳಿಯುತ್ತದೆ. ನಾಲ್ಕಕ್ಕೂ 'ಚದರ ಮೀಟರ್' ಎಂದೇ ಬರೆಯಿರಿ. ಇಲ್ಲದಿದ್ದರೆ ಏಕಮಾನ ನೋಡಿಯೇ ಉತ್ತರ ಊಹಿಸುತ್ತಾರೆ.

ಅಳತೆ ಆರಿಸುವಾಗ ಬಹಳ ಎಚ್ಚರ ಬೇಕು. 6 ಮತ್ತು 3 ಕೊಟ್ಟರೆ ವಿಸ್ತೀರ್ಣವೂ 18, ಸುತ್ತಳತೆಯೂ 18! ತಪ್ಪು ದಾರಿ ಹಿಡಿದ ಮಗುವಿಗೂ ಪೂರ್ತಿ ಅಂಕ ಸಿಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಬದಿ 4 ಇರುವ ಚೌಕದಲ್ಲೂ ಇದೇ ಕಥೆ.

ಏಕಮಾನ ಬದಲಿಸುವ ತಪ್ಪನ್ನು ಹಿಡಿಯಲು 4,000 ಚದರ ಸೆಂಟಿಮೀಟರ್ ಎಂಬ ಆಯ್ಕೆ ಬೇಕಿದ್ದರೆ ಅದಕ್ಕೆ ಬೇರೆ ಪ್ರಶ್ನೆ ಮಾಡಿ. ಅಲ್ಲಿ 40 ಚದರ ಮೀಟರ್ ಜೊತೆ 4,00,000 ಚದರ ಸೆಂಟಿಮೀಟರ್ ಸೇರಿಸಬೇಡಿ, ಎರಡೂ ಒಂದೇ. ಹಾಳೆ ಹಂಚುವ ಮೊದಲು ನಾಲ್ಕೂ ಆಯ್ಕೆಗಳನ್ನು ಲೆಕ್ಕ ಮಾಡಿಯೇ ಪರೀಕ್ಷಿಸಿ.