ವರ್ತಕರಿಗೆ ಪ್ರಾಯೋಜನೆಯ ಪತ್ರ ಬರೆಯುವ ಕ್ರಮ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತಮ್ಮ ತಮ್ಮ ಬೀದಿಯ ಉತ್ಸವ ಸಮಿತಿಗಳಲ್ಲಿ ಕೆಲಸಮಾಡುತ್ತಿರುವರು. ಅಂಗಡಿಯವರಿಗೆ ಧನಸಹಾಯ ಕೋರಿ ಬರೆಯುವ ಪತ್ರದ ವಿಚಾರವಾಗಿ ಅವರು ನನ್ನನ್ನು ಕೇಳುವುದುಂಟು. ಆದುದರಿಂದ ಈ ಪಾಠವನ್ನು ಬರೆದಿರುವೆನು.

ಮೈಸೂರಿನ ವಾಣೀವಿಲಾಸ ಮೊಹಲ್ಲೆಯ 8ನೆಯ ಅಡ್ಡರಸ್ತೆಯಲ್ಲಿ 1962ರಿಂದ ಗಣೇಶೋತ್ಸವದ ಸಂಗೀತ ಕಚೇರಿಗಳು ನಡೆದುಬಂದಿರುವುದನ್ನು ನೀವೆಲ್ಲರೂ ಬಲ್ಲಿರಿ. ಅಲ್ಲಿ ಕೇಳುವವರು ಹಣ ಕೊಟ್ಟು ಒಳಗೆ ಬರುವುದಿಲ್ಲ. ಇಂತಹ ಉಚಿತ ಕಚೇರಿಗೆ ಟಿಕೀಟಿನ ಆದಾಯವಿಲ್ಲದಿರುವುದರಿಂದ, ವೆಚ್ಚವು ದಾನಿಗಳಿಂದಲೂ ವರ್ತಕರಿಂದಲೂ ಬರಬೇಕು. ಇವರಿಬ್ಬರಿಗೂ ಒಂದೇ ಪತ್ರವನ್ನು ಕಳುಹಿಸುವುದೇ ಮೊದಲನೆಯ ತಪ್ಪು. ದಾನಿಯು ಕಲೆಗಾಗಿ ಕೊಡುವನು. ವರ್ತಕನು ತನ್ನ ಅಂಗಡಿಯ ಹೆಸರು ಯಾರ ಕಣ್ಣಿಗೆ ಬೀಳುವುದೆಂದು ಕೇಳುವನು. ಹಾಗೆ ಕೇಳುವುದರಲ್ಲಿ ಯಾವ ದೋಷವೂ ಇಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಐದು ಸಂಜೆಗಳ ಕಾರ್ಯಕ್ರಮ, ಒಟ್ಟು ವೆಚ್ಚ 2,50,000 ರೂಪಾಯಿ. ಎಂದರೆ ಒಂದು ಸಂಜೆಗೆ 50,000. ದೇವರಾಜ ಅರಸು ರಸ್ತೆಯ ಒಂದು ಸೀರೆಯಂಗಡಿಗೆ "ಯಥಾಶಕ್ತಿ ಸಹಾಯಮಾಡಿರಿ" ಎಂದು ಬರೆದರೆ ಐನೂರು ರೂಪಾಯಿ ಬಂದೀತು. ಅದಕ್ಕೆ ಬದಲಾಗಿ ಹೀಗೆ ಬರೆಯತಕ್ಕದ್ದು: "ಎರಡನೆಯ ಸಂಜೆಯ ವೆಚ್ಚದಲ್ಲಿ 30,000 ರೂಪಾಯಿಗಳನ್ನು ತಾವು ವಹಿಸಿಕೊಳ್ಳಬೇಕೆಂದು ಕೋರುತ್ತೇವೆ. ಉಳಿದುದನ್ನು ಬೀದಿಯವರು ಕೂಡಿಸುವರು. ಚಪ್ಪರದಲ್ಲಿ 400 ಕುರ್ಚಿಗಳಿವೆ; ಕಳೆದ ವರುಷ ಏಳೂವರೆ ಗಂಟೆಗೆ ನಾವು ಎಣಿಸಿದಾಗ 310 ತುಂಬಿದ್ದುವು. ಆಹ್ವಾನ ಪತ್ರಿಕೆಯಲ್ಲಿ ತಮ್ಮ ಹೆಸರು, ವೇದಿಕೆಯ ಪಕ್ಕದಲ್ಲಿ ಒಂದು ಬಟ್ಟೆಯ ಫಲಕ, ಕಚೇರಿಯ ಮೊದಲೂ ಕೊನೆಯಲ್ಲೂ ಒಂದೊಂದು ಪ್ರಕಟಣೆ, ಬಾಗಿಲ ಬಳಿ ಒಂದು ಮೇಜು ಇವು ದೊರೆಯುವುವು." ತುಂಬಿದ ಕುರ್ಚಿಗಳ ನಿಜವಾದ ಎಣಿಕೆಯನ್ನೇ ಹೇಳಬೇಕು. ಸಾವಿರ ಜನವೆಂದು ಬರೆದರೆ ಅಂಗಡಿಯ ಯಜಮಾನರು ಒಂದು ಸಂಜೆ ಬಂದು ನೋಡಿಯಾರು!

ಕೊಡಲಾರದುದನ್ನು ಒಪ್ಪಿಕೊಳ್ಳಬಾರದು. ರಸ್ತೆಯಲ್ಲಿ ಫಲಕ ಕಟ್ಟಲು ನಗರಪಾಲಿಕೆಯ ಅನುಮತಿ ಬೇಕು. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರಕಾರವು 2016ರಲ್ಲಿಯೇ ನಿಷೇಧಿಸಿರುವುದು. ಒಂದೇ ವ್ಯಾಪಾರದ ಇಬ್ಬರಿಗೆ "ತಾವೊಬ್ಬರೇ" ಎಂದು ಮಾತುಕೊಡುವುದು ಇನ್ನೂ ಕೆಟ್ಟುದು. ನಾನು ಸೇರಿದ್ದ ಒಂದು ಸಮಿತಿಯಲ್ಲಿ ಹೀಗೆಯೇ ಆಯಿತು. ಇಬ್ಬರು ಸದಸ್ಯರು ಬೇರೆಬೇರೆಯಾಗಿ ಹೋಗಿ ಎರಡು ಚಿನಿವಾರರ ಅಂಗಡಿಗಳಿಗೆ ಮಾತುಕೊಟ್ಟಿದ್ದರು. ಮೊದಲನೆಯ ಸಂಜೆ ಎರಡು ಫಲಕಗಳೂ ಎದುರುಬದುರಾಗಿ ನಿಂತುವು. ಒಬ್ಬರ ಹಣವನ್ನು ಹಿಂದಿರುಗಿಸಬೇಕಾಯಿತು. ಅಂದಿನಿಂದ ಯಾರಿಗೆ ಏನನ್ನು ಒಪ್ಪಿಕೊಂಡೆವೆಂಬುದನ್ನು ಒಂದೇ ಪುಸ್ತಕದಲ್ಲಿ ಒಬ್ಬರೇ ಬರೆದಿಡುವ ಪದ್ಧತಿಯನ್ನು ಮಾಡಿದೆವು.

ರಸೀದಿಯಲ್ಲಿಯೂ ಎಚ್ಚರಿಕೆ ಬೇಕು. ಜಾಹೀರಾತಿಗೆಂದು ಕೊಟ್ಟ ಹಣವು ದಾನವಲ್ಲ. ವರ್ತಕರು ಅದನ್ನು ವ್ಯಾಪಾರದ ವೆಚ್ಚವಾಗಿ ಲೆಕ್ಕಕ್ಕೆ ಬರೆದುಕೊಳ್ಳುವರು. ಆದಾಯ ತೆರಿಗೆಯ ವಿನಾಯಿತಿಯು ಮಾನ್ಯತೆ ಪಡೆದ ಸಂಸ್ಥೆಗೆ ಕೊಟ್ಟ ದಾನಕ್ಕೆ ಮಾತ್ರ, ಅದೂ 2,000 ರೂಪಾಯಿಗೆ ಮೀರಿದ ನಗದಿಗೆ ಇಲ್ಲ. ಮಾನ್ಯತೆ ಇಲ್ಲದ ಸಮಿತಿಯು ವಿನಾಯಿತಿಯ ಮಾತನ್ನೇ ಎತ್ತಕೂಡದು.

ಪತ್ರವನ್ನು ಎರಡು ಮೂರು ತಿಂಗಳ ಮುಂಚೆ, ದಸರೆಯ ವ್ಯಾಪಾರದ ಖರ್ಚನ್ನು ಅಂಗಡಿಯವರು ಗೊತ್ತುಮಾಡುವುದಕ್ಕೆ ಮೊದಲೇ, ಕೈಯಲ್ಲಿ ಒಯ್ದು ಕೊಡತಕ್ಕದ್ದು. ಉತ್ಸವವು ಮುಗಿದ ವಾರದೊಳಗೆ ಫಲಕದ ಒಂದು ಛಾಯಾಚಿತ್ರವನ್ನೂ ಆ ಸಂಜೆಯ ಕುರ್ಚಿಗಳ ಎಣಿಕೆಯನ್ನೂ ಅವರಿಗೆ ತಲುಪಿಸಬೇಕು. ಮುಂದಿನ ವರುಷದ ಪತ್ರಕ್ಕೆ ಬೇಕಾದ ಅಂಕಿಯೂ ಅದೇ.