ಕಾರ್ಡು ಕೈಕೊಟ್ಟಾಗ

ಕ್ಯಾಮೆರಾ ಪ್ರಶ್ನೋತ್ತರ

ಪ್ರಶ್ನೆ: ಸರ್, ಹೋದ ವಾರ ಒಂದು ಮದುವೆ ಮಾಡಿದೆ. ಧಾರೆ ಮುಗಿದು ಊಟದ ಪಂಕ್ತಿ ತೆಗೆಯುವಾಗ ಕ್ಯಾಮೆರಾದಲ್ಲಿ ಕಾರ್ಡ್ ಎರರ್ ಬಂತು. ತೆಗೆದು ಹಾಕಿದೆ, ಮತ್ತೆ ಬಂತು. ಬೇರೆ ಕಾರ್ಡಿನಲ್ಲಿ ಕೆಲಸ ಮುಗಿಸಿದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಫಾರ್ಮ್ಯಾಟ್ ಮಾಡಬೇಕು ಅಂತ ಕೇಳಿತು. ಗಾಬರಿಯಲ್ಲಿ ಒತ್ತಿಬಿಟ್ಟೆ. ಈಗ ಕಾರ್ಡು ಖಾಲಿ ತೋರಿಸ್ತಿದೆ. ಧಾರೆ ಫೋಟೊ ಎಲ್ಲ ಅದರಲ್ಲೇ ಇದ್ದವು. ಹೋದವೇ?
— ಮದುವೆ ಛಾಯಾಗ್ರಾಹಕ, ಹಾವೇರಿ

ಉತ್ತರ: ಆ ಕಾರ್ಡಿಗೆ ಆಮೇಲೆ ಏನನ್ನೂ ಬರೆದಿಲ್ಲವಾದರೆ ಬಹುಪಾಲು ಫೋಟೊ ಇನ್ನೂ ಅದರಲ್ಲೇ ಇವೆ. ನೀವು ಒತ್ತಿದ್ದು ಕ್ವಿಕ್ ಫಾರ್ಮ್ಯಾಟ್ ಆಗಿರಬೇಕು. ಅದು ಪುಸ್ತಕದ ಪರಿವಿಡಿಯನ್ನು ಮಾತ್ರ ಹರಿದು ಹೊಸದನ್ನು ಅಂಟಿಸುತ್ತದೆ, ಒಳಗಿನ ಪುಟಗಳನ್ನು ಮುಟ್ಟುವುದಿಲ್ಲ. ಕ್ಯಾಮೆರಾ ಮೆನುವಿನ ಲೋ ಲೆವೆಲ್ ಫಾರ್ಮ್ಯಾಟ್ ಒತ್ತಿದ್ದರೆ ಮಾತು ಬೇರೆ. ಅದು ಪುಟಗಳನ್ನೂ ಅಳಿಸುತ್ತದೆ.

ಮೊದಲು ಕಾರ್ಡಿನ ಎಡ ಅಂಚಿನಲ್ಲಿರುವ ಪುಟ್ಟ ಲಾಕನ್ನು ಕೆಳಗೆ ಜಾರಿಸಿ. ಹಾಗೆ ಮಾಡಿದರೆ ಕಂಪ್ಯೂಟರು ಓದಬಹುದು, ಬರೆಯಲಾಗದು. ಕಾರ್ಡ್ ರೀಡರನ್ನೇ ಬಳಸಿ. ಕ್ಯಾಮೆರಾವನ್ನು ಕೇಬಲಿನಲ್ಲಿ ಜೋಡಿಸಿದರೆ ಕಂಪ್ಯೂಟರಿಗೆ ಕಾಣುವುದು ಫೋಟೊಗಳ ಪಟ್ಟಿಯೇ ಹೊರತು ಕಾರ್ಡಲ್ಲ, ಹಾಗಾಗಿ ಹುಡುಕುವ ಸಾಫ್ಟ್‌ವೇರಿಗೆ ಕೆಲಸವಿರುವುದಿಲ್ಲ. ಯಾರಾದರೂ chkdsk /f ಓಡಿಸಿ ಎಂದರೆ ಈಗ ಬೇಡ. ಅದು ಪರಿವಿಡಿಯನ್ನು ತಿದ್ದಲು ಹೊರಟು ಕಾರ್ಡಿನ ಮೇಲೆಯೇ ಬರೆಯುತ್ತದೆ.

ಎರರ್ ಕೊಟ್ಟ ಕಾರ್ಡನ್ನು ಪದೇ ಪದೇ ಓದಿಸುವುದೂ ಅಪಾಯ. ಒಮ್ಮೆ ಅದರ ಪೂರ್ತಿ ನಕಲು ತೆಗೆದಿಟ್ಟುಕೊಂಡು ಆ ನಕಲಿನಲ್ಲೇ ಹುಡುಕಿ. ಲಿನಕ್ಸ್ ಇದ್ದರೆ `lsblk` ಕೊಟ್ಟು ಕಾರ್ಡಿನ ಹೆಸರನ್ನು ಅದರ ಗಾತ್ರದಿಂದ ಗುರುತಿಸಿ. ಅದು sdb ಎಂದಿದ್ದರೆ ಹೀಗೆ:

```
sudo ddrescue -d /dev/sdb card.img card.map
photorec card.img
```

ಮೊದಲ ಸಾಲು ಕಾರ್ಡಿನ ಪಡಿಯಚ್ಚನ್ನು ಹಾರ್ಡ್ ಡಿಸ್ಕಿಗೆ ಇಳಿಸುತ್ತದೆ. ಓದಲಾಗದ ಜಾಗ ಸಿಕ್ಕರೆ ಅಲ್ಲೇ ಕೂರದೆ ದಾಟಿ ಹೋಗಿ, ಕೊನೆಗೆ ಮತ್ತೆ ಅಲ್ಲಿಗೆ ಬರುತ್ತದೆ. ಎರಡನೆಯ ಸಾಲಿನ ಫೋಟೊರೆಕ್ ಉಚಿತ. ಅದು ಪರಿವಿಡಿಯ ಗೊಡವೆಗೇ ಹೋಗುವುದಿಲ್ಲ. ಜೆಪೆಗ್ ಫೈಲುಗಳೆಲ್ಲ FF D8 FF ಎಂಬ ಮೂರು ಬೈಟುಗಳಿಂದ ಶುರುವಾಗುತ್ತವೆ, ರಾ ಫೈಲುಗಳಿಗೂ ಅಂಥ ಗುರುತುಗಳಿವೆ. ಅವನ್ನೇ ಹುಡುಕಿ ಒಂದೊಂದೇ ಫೋಟೊ ಎತ್ತುತ್ತದೆ. ವಿಂಡೋಸ್ ಮಾತ್ರ ಇದ್ದರೆ ಫೋಟೊರೆಕ್ ಜೊತೆಗೇ ಬರುವ qphotorec_win.exe ಬಳಸಿ, ಸಿಕ್ಕ ಫೋಟೊಗಳನ್ನು ಹಾರ್ಡ್ ಡಿಸ್ಕಿನಲ್ಲಿ ಉಳಿಸಿ. ಅದೇ ಕಾರ್ಡಿಗೆ ಉಳಿಸಿದರೆ ಒಂದನ್ನು ಎತ್ತುತ್ತ ಇನ್ನೊಂದನ್ನು ಹೂತಂತೆ.

ಹಳೆಯ ಹೆಸರುಗಳು ಹೋಗಿರುತ್ತವೆ, f0123456.jpg ಎಂಬಂಥವು ಬರುತ್ತವೆ. ಫೋಟೊದೊಳಗೆ ತೆಗೆದ ಗಳಿಗೆ ದಾಖಲಾಗಿರುವುದರಿಂದ ಅದರ ಮೇಲೆ ಜೋಡಿಸಿದರೆ ಮದುವೆ ಮತ್ತೆ ಕ್ರಮಕ್ಕೆ ಬರುತ್ತದೆ. ಕೆಲವು ಫೋಟೊ ಅರ್ಧ ಸರಿಯಿದ್ದು ಕೆಳಗರ್ಧ ಬೂದು ಬಣ್ಣಕ್ಕೆ ತಿರುಗಿರಬಹುದು. ಶೂಟಿಂಗ್ ನಡುವೆ ಬೇಡದ್ದನ್ನು ಅಲ್ಲೊಂದು ಇಲ್ಲೊಂದು ಡಿಲೀಟ್ ಮಾಡಿದ್ದರೆ ಹೀಗಾಗುತ್ತದೆ. ಆ ತೆರವಾದ ಸಂದುಗಳಲ್ಲಿ ಮುಂದಿನ ಫೋಟೊ ತುಂಡಾಗಿ ಕೂತಿರುತ್ತದೆ. ಪರಿವಿಡಿ ಇಲ್ಲದೆ ಎರಡನೆಯ ತುಂಡು ಎಲ್ಲಿದೆ ಎಂದು ಫೋಟೊರೆಕ್‌ಗೆ ಸುಲಭವಾಗಿ ತಿಳಿಯದು. ಆದ್ದರಿಂದ ಮಂಟಪದಲ್ಲಿ ನಿಂತು ಡಿಲೀಟ್ ಮಾಡಬೇಡಿ. ಮನೆಯಲ್ಲಿ ಎರಡು ಕಡೆ ನಕಲಾದ ಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ರೀಡರಿನಲ್ಲಿ ಕಾರ್ಡು ಕಾಣಿಸಿಕೊಳ್ಳದೇ ಇದ್ದರೆ, ಅಥವಾ 64 ಜಿಬಿ ಕಾರ್ಡು ಕೆಲವೇ ಎಂಬಿ ಎಂದು ತೋರಿಸಿದರೆ, ಒಳಗಿನ ಕಂಟ್ರೋಲರ್ ಚಿಪ್ಪು ಸತ್ತಿದೆ ಎಂದು ತಿಳಿಯಿರಿ. ಅಲ್ಲಿ ಯಾವ ಸಾಫ್ಟ್‌ವೇರೂ ಉಪಯೋಗಕ್ಕಿಲ್ಲ. ಮೆಮರಿ ಚಿಪ್ಪಿನಿಂದ ನೇರವಾಗಿ ಓದುವ ಲ್ಯಾಬಿಗೇ ಹೋಗಬೇಕು. ಇನ್ನು, ತಪ್ಪು ಕಾರ್ಡಿನದೋ ಕ್ಯಾಮೆರಾದ್ದೋ ಎಂದು ನೋಡಲು ಅದೇ ಸ್ಲಾಟಿಗೆ ಬೇರೆ ಒಳ್ಳೆಯ ಕಾರ್ಡು ಹಾಕಿ ನೂರು ಫೋಟೊ ತೆಗೆಯಿರಿ. ಅದರಲ್ಲೂ ಎರರ್ ಬಂದರೆ ಸ್ಲಾಟಿನ ಪಿನ್ನುಗಳು ಬಾಗಿವೆ ಅಥವಾ ಕೊಳೆಯಾಗಿವೆ. ನಿಮಗೆ ಬೇರೆ ಕಾರ್ಡಿನಲ್ಲಿ ಕೆಲಸ ನಡೆಯಿತಲ್ಲ, ಅನುಮಾನ ಕಾರ್ಡಿನ ಮೇಲೆಯೇ. ಫೋಟೊ ಎತ್ತಿದ ಮೇಲೆ ಅದನ್ನು ಮತ್ತೊಂದು ಮದುವೆಗೆ ಒಯ್ಯಬೇಡಿ.

ಪ್ರಶ್ನೆ: ರಂಗನತಿಟ್ಟಿನಲ್ಲಿ ಹಕ್ಕಿಗಳ ಫೋಟೊ ತೆಗೆಯುವ ಹವ್ಯಾಸ. 10 ಫ್ರೇಮಿನ ವೇಗದಲ್ಲಿ ರಾ ತೆಗೆಯುತ್ತೇನೆ, ಒಂದೊಂದು ಫೈಲು ಸುಮಾರು 30 ಎಂಬಿ. ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಕ್ಯಾಮೆರಾ ಮುಗ್ಗರಿಸುತ್ತದೆ, ಬೆರಳೆತ್ತಿದ ಮೇಲೂ ಕೆಂಪು ದೀಪ 11 ಸೆಕೆಂಡು ಉರಿಯುತ್ತಲೇ ಇರುತ್ತದೆ. ಅಷ್ಟರಲ್ಲಿ ಕೊಕ್ಕರೆ ಗೂಡಿಗಿಳಿದು ಆಗಿರುತ್ತದೆ. ಕಾರ್ಡಿನ ಮೇಲೆ 170 ಎಂಬಿ ಅಂತ ಇದೆ. ಅಂಗಡಿಯವರು V90 ತಗೊಳ್ಳಿ ಅಂತಾರೆ. ತಗೊಳ್ಳಲೇ?
— ನಿವೃತ್ತ ಶಿಕ್ಷಕ, ಮೈಸೂರು

ಉತ್ತರ: ಮೇಷ್ಟ್ರೇ, ಲೆಕ್ಕಕ್ಕೆ ಬೇಕಾದುದನ್ನೆಲ್ಲ ನೀವೇ ಬರೆದಿದ್ದೀರಿ. ನಾಲ್ಕು ಸೆಕೆಂಡಿಗೆ 40 ಫೋಟೊ, ಅಂದರೆ 1200 ಎಂಬಿ. ಅದೆಲ್ಲ ಕಾರ್ಡಿಗೆ ಇಳಿದು ಮುಗಿಯಲು ಹಿಡಿದದ್ದು ಒತ್ತಿದ 4 ಮತ್ತು ದೀಪದ 11 ಸೇರಿ 15 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ 80 ಎಂಬಿ. ನಿಮ್ಮ ಕ್ಯಾಮೆರಾದಲ್ಲಿ ನಿಮ್ಮ ಕಾರ್ಡು ನಿಜಕ್ಕೂ ಬರೆಯುವ ವೇಗ ಅದು. ಗಡಿಯಾರ ಹಿಡಿದು ಯಾರು ಬೇಕಾದರೂ ಹೀಗೆ ಅಳೆಯಬಹುದು.

ಹಾಗಾದರೆ 170 ಏನು? ಅದು ಕಾರ್ಡಿನಿಂದ ಓದುವ ವೇಗ, ಅದೂ ಗರಿಷ್ಠ. ನಿಮ್ಮದು ಯುಎಚ್‌ಎಸ್-1 ಕಾರ್ಡು ಅನಿಸುತ್ತದೆ. ಆ ದಾರಿಯ ಮಿತಿಯೇ ಸೆಕೆಂಡಿಗೆ 104 ಎಂಬಿ. ಅದಕ್ಕಿಂತ ಹೆಚ್ಚಿನ ಅಂಕಿ ಸಿಗುವುದು ಕಂಪನಿಯದೇ ತಂತ್ರವಿರುವ ವಿಶೇಷ ರೀಡರಿನಲ್ಲಿ, ಕ್ಯಾಮೆರಾದೊಳಗಲ್ಲ.

ಕಾರ್ಡಿನ ಮೇಲೆ ಸಣ್ಣದಾಗಿ ಅಚ್ಚಾಗಿರುವ V ಗುರುತು ಇದಕ್ಕೆ ತದ್ವಿರುದ್ಧ. ಅದು ಗರಿಷ್ಠವಲ್ಲ, ಕನಿಷ್ಠ. ವಿಡಿಯೊ ಒಂದೇ ಸಮನೆ ಹರಿಯುವಾಗ V30 ಕಾರ್ಡು ಸೆಕೆಂಡಿಗೆ 30 ಎಂಬಿಗಿಂತ ಕೆಳಗೆ ಬೀಳುವುದಿಲ್ಲ ಎಂಬ ಭರವಸೆ. V60, V90 ಕೂಡ ಹಾಗೆಯೇ. ವಿಡಿಯೊದವರು ಒಂದು ಕಡೆ ಎಡವುತ್ತಾರೆ. ಕ್ಯಾಮೆರಾ ಮೆನುವಿನ 100 ಎಂಬುದು ಮೆಗಾಬಿಟ್, ಕಾರ್ಡಿನದು ಮೆಗಾಬೈಟ್. ಎಂಟರಿಂದ ಭಾಗಿಸಬೇಕು. 100 ಮೆಗಾಬಿಟ್‌ನ 4ಕೆ ವಿಡಿಯೊಗೆ ಬೇಕಾದ್ದು ಸೆಕೆಂಡಿಗೆ 12.5 ಎಂಬಿ ಅಷ್ಟೇ, V30 ಧಾರಾಳವಾಯಿತು. 400 ಮೆಗಾಬಿಟ್ ಆದರೆ 50 ಎಂಬಿ, ಆಗ V60 ಬೇಕು.

ನಿಮ್ಮ ತೊಂದರೆ ಬೇರೆ. ಸೆಕೆಂಡಿಗೆ 300 ಎಂಬಿ ಸುರಿಯುತ್ತಿದೆ, 80 ಇಳಿಯುತ್ತಿದೆ. ಉಳಿದದ್ದು ಬಫರ್ ಎಂಬ ತೊಟ್ಟಿಯಲ್ಲಿ ತುಂಬುತ್ತದೆ, ತೊಟ್ಟಿ ತುಂಬಿದಾಗ ಶಟರು ನಿಧಾನವಾಗುತ್ತದೆ. ಕೊಳವೆ ದಪ್ಪವಾಗಬೇಕೆಂದರೆ ಯುಎಚ್‌ಎಸ್-2 ಕಾರ್ಡು ಬೇಕು. ಅದರ ಮುಖದ ಮೇಲೆ II ಎಂಬ ಗುರುತು, ಬೆನ್ನಿನಲ್ಲಿ ಎರಡು ಸಾಲು ಚಿನ್ನದ ಬಣ್ಣದ ಪಟ್ಟಿಗಳಿರುತ್ತವೆ. ಸೆಕೆಂಡಿಗೆ 240 ಎಂಬಿ ಬರೆಯುವ ಕಾರ್ಡಾದರೆ ನಿಮ್ಮ ಅದೇ 1200 ಎಂಬಿ 5 ಸೆಕೆಂಡಿಗೆ ಮುಗಿಯುತ್ತದೆ. ದೀಪ ಉರಿಯುವುದು 11ರ ಬದಲು 1 ಸೆಕೆಂಡು.

ಆದರೆ ದುಡ್ಡು ಕೊಡುವ ಮೊದಲು ಕ್ಯಾಮೆರಾ ಕೈಪಿಡಿಯಲ್ಲಿ ಸ್ಲಾಟು ಯುಎಚ್‌ಎಸ್-2 ಹೌದೋ ಎಂದು ನೋಡಿ. ಎರಡು ಸ್ಲಾಟಿದ್ದು ಒಂದು ಮಾತ್ರ ವೇಗದ್ದಾಗಿರುವ ಕ್ಯಾಮೆರಾಗಳೂ ಇವೆ. ಯುಎಚ್‌ಎಸ್-1 ಸ್ಲಾಟಿಗೆ V90 ಹಾಕಿದರೂ ಅದು ಒಂದೇ ಸಾಲು ಪಟ್ಟಿಯಲ್ಲಿ ಓಡುತ್ತದೆ, 104ನ್ನು ದಾಟುವುದಿಲ್ಲ. ಅಂಥ ಕ್ಯಾಮೆರಾವಾದರೆ ಕಂಪ್ರೆಸ್ಡ್ ರಾ ಆರಿಸಿ ಫೈಲನ್ನು ಸಣ್ಣದು ಮಾಡಿ, ಹಕ್ಕಿ ರೆಕ್ಕೆ ಬಿಚ್ಚುವ ತನಕ ಕಾದು ಒಂದೊಂದು ಸೆಕೆಂಡು ಮಾತ್ರ ಒತ್ತಿ. ಸ್ಲಾಟು ಯುಎಚ್‌ಎಸ್-2 ಆಗಿದ್ದರೂ V90 ಅಗತ್ಯವಿಲ್ಲ. ಬರೆಯುವ ವೇಗ 200ಕ್ಕಿಂತ ಹೆಚ್ಚೆಂದು ನಮೂದಿಸಿರುವ V60 ಕಡಿಮೆ ಬೆಲೆಗೆ ಇದೇ ಕೆಲಸ ಮಾಡುತ್ತದೆ.

ಪ್ರಶ್ನೆ: ನಮ್ಮೂರ ಯಕ್ಷಗಾನ ರೆಕಾರ್ಡ್ ಮಾಡುವಾಗ ಬೆಳಗಿನ ಜಾವ ಬ್ಯಾಟರಿ ಮುಗಿದು ಕ್ಯಾಮೆರಾ ತಟಕ್ಕನೆ ಆಫ್ ಆಯಿತು. 32 ಜಿಬಿ ಕಾರ್ಡಿನಲ್ಲಿ ಏಳು ಫೈಲು ಉಂಟು. ಆರು ಸರಿ ಓಡ್ತವೆ. ಏಳನೆಯದು 2.8 ಜಿಬಿ ಉಂಟು, ಆದರೆ ಎಂತ ಮಾಡಿದರೂ ಓಪನ್ ಆಗುವುದಿಲ್ಲ.
— ಕುಂದಾಪುರ

ಉತ್ತರ: ಎಂಪಿ4 ಫೈಲಿನಲ್ಲಿ ದೃಶ್ಯವೂ ಧ್ವನಿಯೂ ಒಂದು ಭಾಗ. ಯಾವ ಫ್ರೇಮು ಎಲ್ಲಿದೆ ಎಂದು ಹೇಳುವ ಪಟ್ಟಿ ಇನ್ನೊಂದು ಭಾಗ, ಅದರ ಹೆಸರು moov. ಹೆಚ್ಚಿನ ಕ್ಯಾಮೆರಾಗಳು ಈ ಪಟ್ಟಿಯನ್ನು ಬರೆಯುವುದು ರೆಕಾರ್ಡಿಂಗ್ ನಿಲ್ಲಿಸಿದಾಗ, ಕಟ್ಟಕಡೆಗೆ. ನಿಮ್ಮ ಕ್ಯಾಮೆರಾಕ್ಕೆ ಅದಕ್ಕೆ ಪುರುಸೊತ್ತು ಸಿಗಲಿಲ್ಲ. ಆಟವೆಲ್ಲ ಒಳಗಿದೆ, ಪಟ್ಟಿ ಇಲ್ಲ.

ಮೊದಲು ತುಂಬಿದ ಬ್ಯಾಟರಿ ಹಾಕಿ, ಅದೇ ಕ್ಯಾಮೆರಾದಲ್ಲಿ ಅದೇ ಕಾರ್ಡಿಟ್ಟು ಆನ್ ಮಾಡಿ. ಕೆಲವು ಕ್ಯಾಮೆರಾಗಳು ಅರೆಬರೆ ಫೈಲು ಕಂಡು ತಾವೇ ಸರಿಪಡಿಸಲೇ ಎಂದು ಕೇಳುತ್ತವೆ. ಕೇಳದಿದ್ದರೆ ಫೈಲನ್ನು ಕಂಪ್ಯೂಟರಿಗೆ ನಕಲಿಸಿ, ಅನ್‌ಟ್ರಂಕ್ ಎಂಬ ಉಚಿತ ಉಪಕರಣಕ್ಕೆ ಕೊಡಿ:

```
untrunc good.mp4 bad.mp4
```

ಇಲ್ಲಿ good ಎಂಬಲ್ಲಿ ಅದೇ ಕ್ಯಾಮೆರಾದ, ಅದೇ ಸೆಟ್ಟಿಂಗಿನ ಸರಿಯಾದ ಫೈಲು ಬೇಕು. ನಿಮ್ಮ ಆರನೆಯ ಫೈಲೇ ಸಾಕು. ಅದರ ಪಟ್ಟಿ ನೋಡಿ ಏಳನೆಯದಕ್ಕೆ ಹೊಸ ಪಟ್ಟಿ ಕಟ್ಟುತ್ತದೆ. ರೆಸೊಲ್ಯೂಶನ್ನೋ ಫ್ರೇಮ್ ರೇಟೋ ಬೇರೆಯಾದರೆ ಚಿತ್ರ ಕಲಸಿಹೋಗುತ್ತದೆ. ಫೈಲಿನ ಗಾತ್ರ 0 ಎಂದಿದ್ದರೆ ಈ ದಾರಿ ನೇರವಾಗಿ ಆಗದು. ಮೇಲೆ ಹಾವೇರಿಯವರಿಗೆ ಹೇಳಿದಂತೆ ಪೂರ್ತಿ ಕಾರ್ಡಿನ ನಕಲು ತೆಗೆದು ಅಲ್ಲಿಂದ ಹುಡುಕಬೇಕು.

ಉಳಿದ ಆರು ಫೈಲು ಬದುಕಿದ್ದು ಕಾರ್ಡು ಸಣ್ಣದಿದ್ದುದರಿಂದ. 32 ಜಿಬಿವರೆಗಿನ ಕಾರ್ಡುಗಳ ಎಫ್‌ಎಟಿ32 ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಹಾಗಾಗಿ ಕ್ಯಾಮೆರಾ ತುಂಡು ಮಾಡುತ್ತ, ಪ್ರತಿ ತುಂಡಿಗೂ ಪಟ್ಟಿ ಬರೆದು ಮುಗಿಸುತ್ತ ಹೋಗಿತ್ತು. ದೊಡ್ಡ ಕಾರ್ಡಿನ ಎಕ್ಸ್‌ಫ್ಯಾಟ್‌ನಲ್ಲಿ ಈ ಮಿತಿಯಿಲ್ಲ, ಇಡೀ ರಾತ್ರಿ ಒಂದೇ ಫೈಲಾಗಲೂಬಹುದು. ನಾಳೆ ದೊಡ್ಡ ಕಾರ್ಡು ಕೊಂಡರೆ ಒಂದು ವೇಷ ಒಳಗೆ ಹೋಗಿ ಇನ್ನೊಂದು ಬರುವ ಸಂದಿನಲ್ಲಿ ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಒತ್ತಿ.

ಪ್ರಶ್ನೆ: ಆನ್‌ಲೈನಿನಲ್ಲಿ 512 ಜಿಬಿ ಕಾರ್ಡು 600 ರೂಪಾಯಿಗೆ ಸಿಕ್ಕಿತು. ಮೊದಲು ಚೆನ್ನಾಗಿತ್ತು. ಹಂಪಿಗೆ ಹೋಗಿ ಬಂದ ಮೇಲೆ ನೋಡಿದರೆ ಫೈಲುಗಳ ಹೆಸರು ಇವೆ, ಫೋಟೊ ತೆರೆಯುವುದಿಲ್ಲ. ವಾಪಸ್ ಬರುತ್ತವೆಯೇ?
— ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಬರುವುದು ಕಷ್ಟ ತಂಗಿ. ಇದು ನಕಲಿ ಕಾರ್ಡಿನ ಲಕ್ಷಣ. ಒಳಗೆ ಸಣ್ಣ ಚಿಪ್ಪಿಟ್ಟು 512 ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ತುಂಬುವವರೆಗೆ ಎಲ್ಲ ಸರಿ. ಆಮೇಲೆ ಬರೆದದ್ದು ಎಲ್ಲೂ ಕೂರುವುದಿಲ್ಲ, ಅಥವಾ ಹಳೆಯದರ ಮೇಲೆ ಕೂರುತ್ತದೆ.

ಖಚಿತ ಮಾಡಿಕೊಳ್ಳಲು, ತೆರೆಯುವ ಫೋಟೊಗಳನ್ನೆಲ್ಲ ಮೊದಲು ಬೇರೆಡೆಗೆ ನಕಲಿಸಿ ಕಾರ್ಡನ್ನು ಖಾಲಿ ಮಾಡಿ. ವಿಂಡೋಸ್‌ನಲ್ಲಿ H2testw, ಲಿನಕ್ಸ್‌ನಲ್ಲಿ f3 ಎಂಬ ಉಚಿತ ಉಪಕರಣವಿದೆ. ಕಾರ್ಡು ತುಂಬ ಗೊತ್ತಿರುವ ಅಂಕಿಗಳನ್ನು ಬರೆದು, ಹಾಗೇ ಇವೆಯೇ ಎಂದು ತಿರುಗಿ ಓದುತ್ತವೆ.

```
f3write /media/card
f3read /media/card
```

ಸೆಕೆಂಡಿಗೆ 20 ಎಂಬಿ ಎಂದರೂ 512 ಜಿಬಿ ಬರೆಯಲು ಏಳು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ. ಬೆಳಿಗ್ಗೆ f3read ಕಳೆದುಹೋಯಿತು ಎಂದು ತೋರಿಸುವ ಭಾಗವೇ ನಿಮ್ಮ ಹಂಪಿ. ಆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ದುಡ್ಡು ವಾಪಸ್ ಕೇಳುವಾಗ ಮಾರಿದವರಿಗೆ ತೋರಿಸಲು ಬೇಕಾಗುತ್ತದೆ.