ನಾಲ್ಕು ಹಸುಗಳ ಕೊಟ್ಟಿಗೆಗೆ ಲಿಂಗ ನಿರ್ಧರಿತ ವೀರ್ಯ ಲಾಭವೇ?

ಮೈಸೂರಿನ ಅಂಚಿನ ಬಡಾವಣೆಗಳಲ್ಲಿ ಎಚ್‌ಎಫ್ ಮಿಶ್ರತಳಿಯ ಮೂರೋ ನಾಲ್ಕೋ ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರಿಗೆ ಗಂಡು ಕರು ಹುಟ್ಟಿದರೆ ಮುಂದೇನು ಎಂಬ ಪ್ರಶ್ನೆಗೆ ಈಗ ಉತ್ತರವಿಲ್ಲ. ಉಳುಮೆ ಟ್ರ್ಯಾಕ್ಟರಿನದಾಗಿದೆ. ಉಳುಮೆಗೆ ಎತ್ತು ಬೇಕೆನ್ನುವವರೂ ಎಚ್‌ಎಫ್ ಹೋರಿಯನ್ನು ಮುಟ್ಟುವುದಿಲ್ಲ. ಗೋಹತ್ಯೆ ನಿಷೇಧದ 2020ರ ಕಾಯ್ದೆಯ ನಂತರ ಗಂಡು ಕರುವನ್ನು ಕೈದಾಟಿಸುವ ಹಳೆಯ ದಾರಿಗಳೂ ಮುಚ್ಚಿವೆ. ಬೂಸಾ, ಹಿಂಡಿ, ಹುಲ್ಲು ಎಲ್ಲವನ್ನೂ ದುಡ್ಡು ಕೊಟ್ಟೇ ತರುವ ಕೊಟ್ಟಿಗೆಯಲ್ಲಿ ಆ ಕರು ಕುಡಿಯುವ ಒಂದೊಂದು ಲೀಟರ್ ಹಾಲೂ ಡೇರಿಯ ಪಟ್ಟಿಯಿಂದ ಕಳೆದುಹೋಗುವ ಲೀಟರ್. ಹೀಗಾಗಿ ಹೆಣ್ಣು ಕರುವನ್ನೇ ಕೊಡುವ ವೀರ್ಯ ನಳಿಕೆ ಬಂದಿದೆ ಎಂದಾಗ ರೈತರು ಕಿವಿ ನಿಮಿರಿಸುವುದು ಸಹಜ. ಆದರೆ ನಳಿಕೆಗೆ ಎಷ್ಟು ಎಂದು ಕೇಳುವುದಕ್ಕೂ ಒಂದು ಹೆಣ್ಣು ಕರುವಿಗೆ ಎಷ್ಟು ಎಂದು ಕೇಳುವುದಕ್ಕೂ ಬಹಳ ಅಂತರವಿದೆ. ಇಲ್ಲಿ ನೋಡಬೇಕಾದದ್ದು ಎರಡನೆಯದನ್ನು.

ಕರು ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುವುದು ಹೋರಿಯ ವೀರ್ಯಾಣು. ಎಕ್ಸ್ ವೀರ್ಯಾಣು ಸೇರಿದರೆ ಹೆಣ್ಣು, ವೈ ಸೇರಿದರೆ ಗಂಡು. ಎಕ್ಸ್ ವೀರ್ಯಾಣುವಿನಲ್ಲಿ ಡಿಎನ್‌ಎ ಶೇ. 4ರ ಆಸುಪಾಸು ಹೆಚ್ಚಿರುತ್ತದೆ. ವೀರ್ಯಾಣುಗಳಿಗೆ ಹೊಳೆಯುವ ಬಣ್ಣ ಹಾಕಿ, ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹಾಯಿಸಿ, ಈ ಸಣ್ಣ ವ್ಯತ್ಯಾಸವನ್ನು ಹಿಡಿದೇ ಯಂತ್ರ ಅವನ್ನು ಬೇರ್ಪಡಿಸುತ್ತದೆ. ಫಲವಾಗಿ ಹತ್ತರಲ್ಲಿ ಒಂಬತ್ತು ಕರು ಹೆಣ್ಣಾಗುತ್ತವೆ. ಹತ್ತನೆಯದು ಗಂಡಾದರೆ ಮೋಸವಾಯಿತು ಎನ್ನುವಂತಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸಾಮಾನ್ಯ ನಳಿಕೆಯಲ್ಲಿ 2 ಕೋಟಿಯಷ್ಟು ವೀರ್ಯಾಣುಗಳಿದ್ದರೆ, ಬೇರ್ಪಡಿಸಿದ ನಳಿಕೆಯಲ್ಲಿ ಇರುವುದು 20ರಿಂದ 40 ಲಕ್ಷ. ಬಣ್ಣ, ಒತ್ತಡ, ಲೇಸರ್ ಇಷ್ಟನ್ನೂ ದಾಟಿ ಬಂದ ಆ ವೀರ್ಯಾಣುಗಳು ಗರ್ಭಕೋಶದಲ್ಲಿ ಬದುಕುವ ಅವಧಿಯೂ ಕಡಿಮೆ. ಸಾಮಾನ್ಯ ನಳಿಕೆಯಿಂದ ಹತ್ತು ಹಸು ಗಬ್ಬ ಕಟ್ಟುವ ಕಡೆ ಇದರಿಂದ ಎಂಟು ಕಟ್ಟಿದರೆ ಒಳ್ಳೆಯ ಕೆಲಸವೆಂದೇ ಲೆಕ್ಕ.

ಮೊದಲು ಈ ತಂತ್ರಜ್ಞಾನ ಪೂರ್ತಿ ವಿದೇಶಿ ಕಂಪನಿಗಳ ಕೈಯಲ್ಲಿದ್ದುದರಿಂದ ನಳಿಕೆ ದುಬಾರಿಯಾಗಿತ್ತು. 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ದೇಶೀಯ ವಿಧಾನ ಬಿಡುಗಡೆಯಾದಾಗ ಸರ್ಕಾರ ಹೇಳಿದ ಬೆಲೆ ನಳಿಕೆಗೆ ಸುಮಾರು 250 ರೂಪಾಯಿ. ಅದಕ್ಕೂ ಮೊದಲಿನಿಂದ ರಾಷ್ಟ್ರೀಯ ಗೋಕುಲ ಮಿಷನ್‌ನಡಿ ನಳಿಕೆಯ ಬೆಲೆಯ ಅರ್ಧ ಸಹಾಯಧನವಾಗಿ ಸಿಗುವ ಏರ್ಪಾಡಿದೆ. ಹಸುವಿಗೆ ನಳಿಕೆ ಹಾಕಿಸುವ ಮುನ್ನ ಪಶು ಆಸ್ಪತ್ರೆಯಲ್ಲೋ ನಿಮ್ಮ ಡೇರಿಯಲ್ಲೋ ಅಂದಿನ ದರ ಕೇಳಿಕೊಳ್ಳಿ.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ಉದಾಹರಣೆಗಾಗಿ ಹಿಡಿದವು, ನಿಮ್ಮ ಕೊಟ್ಟಿಗೆಯ ಅಂಕಿ ಹಾಕಿ ಮತ್ತೆ ಮಾಡಿ ನೋಡಬೇಕು. ಚೆನ್ನಾಗಿ ನೋಡಿಕೊಂಡ ಕೊಟ್ಟಿಗೆಯಲ್ಲಿ ಸಾಮಾನ್ಯ ನಳಿಕೆಗೆ ನೂರಕ್ಕೆ 40 ಹಸು ಗಬ್ಬ ನಿಲ್ಲುತ್ತವೆ, ಬೇರ್ಪಡಿಸಿದ್ದಕ್ಕೆ 32 ಎನ್ನೋಣ. ಅಂದರೆ ಒಂದು ಗಬ್ಬಕ್ಕೆ ಸಾಮಾನ್ಯದಲ್ಲಿ ಸರಾಸರಿ ಎರಡೂವರೆ ನಳಿಕೆ, ಬೇರ್ಪಡಿಸಿದ್ದರಲ್ಲಿ ಮೂರಕ್ಕಿಂತ ತುಸು ಹೆಚ್ಚು. ಸಾಮಾನ್ಯ ನಳಿಕೆಗೆ 50, ಬೇರ್ಪಡಿಸಿದ್ದಕ್ಕೆ 250, ಹಾಕುವವರ ಓಡಾಟಕ್ಕೆ ಪ್ರತಿ ಸಲ 200 ರೂಪಾಯಿ ಹಿಡಿದರೆ, ಒಂದು ಗಬ್ಬಕ್ಕೆ ಮೊದಲನೆಯದು 625, ಎರಡನೆಯದು ಸುಮಾರು 1,400. ಇಲ್ಲಿಗೆ ನಿಲ್ಲಿಸಿದರೆ ವ್ಯತ್ಯಾಸ 800 ರೂಪಾಯಿಯೂ ಇಲ್ಲ. ಆದರೆ ಗಬ್ಬ ಕಟ್ಟದ ಪ್ರತಿ ಸಲವೂ ಹಸು 21 ದಿನ ಖಾಲಿ ಉಳಿಯುತ್ತದೆ. ಮುಂದಿನ ಕರುವಷ್ಟೇ ಅಲ್ಲ, ಮುಂದಿನ ಕರಾವೂ ಅಷ್ಟು ಮುಂದಕ್ಕೆ ಹೋಗುತ್ತದೆ, ಮೇವು ಮಾತ್ರ ನಿಲ್ಲುವುದಿಲ್ಲ. ಖಾಲಿ ದಿನಕ್ಕೆ 100 ರೂಪಾಯಿ ನಷ್ಟ ಎಂದು ಕಟ್ಟಿದರೆ, ಹೆಚ್ಚುವರಿ 13 ದಿನಕ್ಕೆ 1,300. ಒಟ್ಟು ಹೆಚ್ಚುವರಿ ಖರ್ಚು ಒಂದು ಗಬ್ಬಕ್ಕೆ 2,100ರ ಹತ್ತಿರ. ಪ್ರತಿಯಾಗಿ ಸಿಗುವುದೇನು? ಹತ್ತು ಗಬ್ಬದಲ್ಲಿ ಐದು ಹೆಣ್ಣಿನ ಬದಲು ಒಂಬತ್ತು, ಅಂದರೆ ನಾಲ್ಕು ಹೆಚ್ಚು. ಹತ್ತು ಗಬ್ಬದ 21 ಸಾವಿರವನ್ನು ಈ ನಾಲ್ಕಕ್ಕೆ ಹಂಚಿ: ಹೆಚ್ಚುವರಿಯಾಗಿ ದಕ್ಕಿದ ಒಂದೊಂದು ಹೆಣ್ಣು ಕರುವಿಗೂ ನೀವು ಕೊಟ್ಟದ್ದು ಸುಮಾರು 5,250 ರೂಪಾಯಿ. ನಳಿಕೆಗೆ 1,000 ರೂಪಾಯಿ ಬಿದ್ದರೆ ಇದೇ ಲೆಕ್ಕ 11 ಸಾವಿರ ದಾಟುತ್ತದೆ.

ಇದೇ ಲೆಕ್ಕವನ್ನು ಸೊರಗಿದ ಹಸುಗಳಿರುವ, ಬೆದೆಯ ಹೊತ್ತು ಗೊತ್ತಾಗದ ಕೊಟ್ಟಿಗೆಯಲ್ಲಿ ಮಾಡಿ ನೋಡಿ. ಅಲ್ಲಿ ಸಾಮಾನ್ಯ ನಳಿಕೆಗೇ ನೂರಕ್ಕೆ 25 ನಿಂತರೆ, ಬೇರ್ಪಡಿಸಿದ್ದಕ್ಕೆ 15 ನಿಲ್ಲಬಹುದು. ದುರ್ಬಲ ವೀರ್ಯಕ್ಕೆ ತಪ್ಪು ಹೊತ್ತನ್ನು ತಡೆದುಕೊಳ್ಳುವ ಶಕ್ತಿಯಿಲ್ಲದ ಕಾರಣ ಕುಸಿತ ಹೆಚ್ಚು. ಗಬ್ಬಕ್ಕೆ ನಾಲ್ಕು ನಳಿಕೆ ಸಾಕಾಗುವಲ್ಲಿ ಆರು, ಏಳು ಬೇಕಾಗುತ್ತವೆ. ಖಾಲಿ ದಿನ 56 ಹೆಚ್ಚುತ್ತದೆ. ನಳಿಕೆಯ 2,000, ಖಾಲಿ ದಿನದ 5,600 ಸೇರಿ ಗಬ್ಬಕ್ಕೆ 7,600, ಹೆಚ್ಚುವರಿ ಹೆಣ್ಣು ಕರುವಿಗೆ 19 ಸಾವಿರ. ನಳಿಕೆ ಅದೇ, ಬೆಲೆಯೂ ಅದೇ, ಕರು ಮಾತ್ರ ಮೂರು ಪಟ್ಟಿಗಿಂತ ದುಬಾರಿ. ನಳಿಕೆಯ ಸಹಾಯಧನ ಇನ್ನಷ್ಟು ಬರಲಿ ಎಂದು ಕಾಯುವುದಕ್ಕಿಂತ ಬೆದೆಯನ್ನು ಸರಿಯಾಗಿ ಹಿಡಿಯುವುದರಲ್ಲೇ ಹೆಚ್ಚು ದುಡ್ಡಿದೆ.

ಹಿಡಿಯುವುದು ಹೇಗೆ? ಬೇರೆ ಹಸು ಮೇಲೇರಿದಾಗ ಅಲ್ಲಾಡದೆ ನಿಲ್ಲುವುದು ಬೆದೆಯ ಖಚಿತ ಗುರುತು. ಆದರೆ ಊರೊಳಗಿನ ಕೊಟ್ಟಿಗೆಯಲ್ಲಿ ಹಸುಗಳು ಕಟ್ಟಿದ ಗೂಟದಲ್ಲೇ ಇರುವುದರಿಂದ ಅದು ಕಾಣುವುದೇ ಅಪರೂಪ. ಬೆಳಗಿನ ಕರಾವಿಗೆ ಮುಂಚೆ ಮತ್ತು ರಾತ್ರಿ ಮಲಗುವ ಮುಂಚೆ ಹತ್ತಿಪ್ಪತ್ತು ನಿಮಿಷ ಬಿಚ್ಚಿ ಒಟ್ಟಿಗೆ ಬಿಟ್ಟರೆ ಸಿಕ್ಕಿಬೀಳುತ್ತದೆ. ಅದಾಗದಿದ್ದರೆ ಬಾಲದ ಬುಡಕ್ಕೆ ಅಂಟಿದ, ಗಾಜಿನಂತೆ ತಿಳಿಯಾದ ಲೋಳೆ, ಕೂಗು, ಇಳಿದ ಹಾಲನ್ನು ನೋಡಿ, ಮೊದಲು ಕಂಡ ಗಂಟೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಸಾಮಾನ್ಯ ನಳಿಕೆಗೆ 'ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಬೆಳಗ್ಗೆ' ಎಂಬ ರೂಢಿ ಸರಿ. ಬೇರ್ಪಡಿಸಿದ ವೀರ್ಯ ಹೆಚ್ಚು ಹೊತ್ತು ಬದುಕದ ಕಾರಣ ಸ್ವಲ್ಪ ತಡವಾಗಿ, ನಿಲ್ಲುವ ಬೆದೆ ಶುರುವಾದ 16ರಿಂದ 24 ಗಂಟೆಯೊಳಗೆ ಹಾಕಿಸುವುದು ಮೇಲು. ಹಾಕುವವರ ಕೈಯನ್ನೂ ಗಮನಿಸಿ. ನಳಿಕೆಯನ್ನು ದ್ರವ ಸಾರಜನಕದಿಂದ ತೆಗೆದು 35ರಿಂದ 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷದಷ್ಟು ಇಟ್ಟು, ಒರೆಸಿ, ತಡಮಾಡದೆ ಹಾಕಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸಿದ್ದನ್ನು ಕಂಡರೆ ನಿಮ್ಮ ದುಡ್ಡು ಕಣ್ಣೆದುರೇ ಸಾಯುತ್ತಿದೆ ಎಂದರ್ಥ. ಮೂರು ಸಲ ಹಾಕಿಸಿಯೂ ನಿಲ್ಲದ ಹಸುವಿಗೆ ಇದನ್ನು ಹಾಕಿಸಲೇಬಾರದು. ಮೈಕಟ್ಟು ತುಂಬಿದ ಪಡ್ಡೆಗೆ ಹಾಕಿಸಿದರೆ ಫಲ ಹೆಚ್ಚು. ಹೆಣ್ಣು ಕರುವಿನ ತೂಕ ತುಸು ಕಡಿಮೆ ಇರುವುದರಿಂದ ಹೆರಿಗೆಯ ಕಷ್ಟವೂ ಅಷ್ಟು ಕಡಿಮೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ಹೆಣ್ಣು ಕರು ಸಿಕ್ಕರೆ ಸಾಕೆ, ಅದನ್ನು ಸಾಕಬೇಡವೇ? ನಗರದ ಕೊಟ್ಟಿಗೆಯವರಿಗೆ ಇದು ಗಟ್ಟಿ ಆಕ್ಷೇಪ. ಕರು ಹುಟ್ಟಿ, ಬೆಳೆದು, ಮೊದಲ ಕರು ಹಾಕಲು ಎರಡೂವರೆ ವರ್ಷವಾದರೂ ಬೇಕು. ಸ್ವಂತ ಮೇವಿರುವ ನಂಜನಗೂಡು ಕಡೆಯ ರೈತನಿಗೆ ಅದರ ಖರ್ಚು 40 ಸಾವಿರ, ಎಲ್ಲವನ್ನೂ ಕೊಳ್ಳುವ ಮೈಸೂರಿನವನಿಗೆ 60 ಸಾವಿರ ಎಂದಿಟ್ಟುಕೊಳ್ಳಿ. ಗಬ್ಬದ ಪಡ್ಡೆಗೆ ಪೇಟೆಯಲ್ಲಿ 70 ಸಾವಿರ ಇದ್ದರೆ ಮೊದಲನೆಯವನಿಗೆ 30 ಸಾವಿರ ಉಳಿತಾಯ, ಎರಡನೆಯವನಿಗೆ 10 ಸಾವಿರ. ಅದರಲ್ಲೂ ನಡುವೆ ಸತ್ತುಹೋಗುವ ಕರುಗಳ ಪಾಲು ಕಳೆಯಬೇಕು. ಹಾಗಾಗಿ ನಗರದವರು ನಾಲ್ಕು ಹಸುವಿಗೂ ಹಾಕಿಸದೆ, ಮಂದೆಯನ್ನು ಹೊಸದಾಗಿಸಲು ಬೇಕಾದ ಒಂದೆರಡಕ್ಕೆ, ಅದೂ ಹೆಚ್ಚು ಹಾಲು ಕೊಡುವವಕ್ಕೆ ಹಾಕಿಸಲಿ. ಇಲ್ಲವೇ ಹಳ್ಳಿಯ ಸಾಕುವವರೊಡನೆ ಮೊದಲೇ ಮಾತಾಡಿಕೊಂಡು ಎಳೆಗರುವನ್ನೇ ಮಾರಲಿ.

ಇನ್ನೊಂದು ತಪ್ಪು ಗ್ರಹಿಕೆ: ಲಿಂಗ ನಿರ್ಧರಿತ ವೀರ್ಯ ಹಾಕಿಸಿದರೆ ಕರುವಿಗೆ ಹಾಲು ಹೆಚ್ಚುತ್ತದೆ ಎಂಬುದು. ಯಂತ್ರ ಲಿಂಗವನ್ನು ಬೇರ್ಪಡಿಸುತ್ತದೆಯೇ ಹೊರತು ತಳಿಗುಣವನ್ನಲ್ಲ. ನಳಿಕೆಯ ಮೇಲೆ ಹೋರಿಯ ಸಂಖ್ಯೆ, ತಳಿ, ತಯಾರಾದ ಕೇಂದ್ರ ಅಚ್ಚಾಗಿರುತ್ತದೆ. ಆ ಸಂಖ್ಯೆ ಹಿಡಿದು ಹೋರಿಯ ತಾಯಿಯ ಹಾಲೆಷ್ಟು, ಆ ಹೋರಿಯ ಹೆಣ್ಣುಮಕ್ಕಳ ಹಾಲೆಷ್ಟು ಎಂದು ಕೇಳಿ. ದಾಖಲೆಯಿಲ್ಲದ ಹೋರಿಯ ಬೇರ್ಪಡಿಸಿದ ನಳಿಕೆಗಿಂತ ಪರೀಕ್ಷೆಯಾದ ಹೋರಿಯ ಸಾಮಾನ್ಯ ನಳಿಕೆಯೇ ಮೇಲು. ಅಂದಹಾಗೆ ಹಳ್ಳಿಕಾರ್ ಸಾಕುವವರಿಗೆ ಈ ಲೇಖನದ ಲೆಕ್ಕವೆಲ್ಲ ತಿರುಗುಮುರುಗು. ಅಲ್ಲಿ ಜೋಡಿ ಹೋರಿಗೇ ಬೆಲೆ, ಹೆಣ್ಣನ್ನೇ ಕೊಡುವ ನಳಿಕೆ ಅವರಿಗೆ ನಷ್ಟ.

ತಳಿಗುಣವನ್ನೇ ಬದಲಿಸುವ ಭ್ರೂಣ ವರ್ಗಾವಣೆ ಬೇರೆಯೇ ಮಾತು. ಇಲ್ಲಿ ಹೆಚ್ಚು ಹಾಲಿನ ಒಂದು ಹಸುವಿನ ಅಂಡಾಶಯದಿಂದ ಸೂಜಿಯ ಮೂಲಕ ಅಂಡಗಳನ್ನು ಹೀರಿ, ಪ್ರಯೋಗಾಲಯದಲ್ಲಿ ಒಳ್ಳೆಯ ಹೋರಿಯ ವೀರ್ಯದೊಡನೆ ಕೂಡಿಸಿ, ಏಳು ದಿನ ಬೆಳೆಸಿದ ಭ್ರೂಣವನ್ನು ಬೇರೆ ಹಸುವಿನ ಗರ್ಭಕೋಶದಲ್ಲಿ ಇಡುತ್ತಾರೆ. ಹೊರುವ ಹಸು ಬಾಡಿಗೆ ತಾಯಿ ಮಾತ್ರ, ಅದರ ತಳಿ ಕರುವಿಗೆ ಬರುವುದಿಲ್ಲ. ಆದರೆ ಅದು ಕೂಡ ಅದೇ ಹೊತ್ತಿಗೆ ಬೆದೆಗೆ ಬಂದು ಏಳು ದಿನವಾಗಿರಬೇಕು. ಹಾಗಾಗಿ ಇಂಜೆಕ್ಷನ್ ಕೊಟ್ಟು ಬೆದೆಯನ್ನು ಹೊಂದಿಸುತ್ತಾರೆ, ಏಳನೇ ದಿನ ಯಾವ ಅಂಡಾಶಯದಲ್ಲಿ ಅಂಡ ಬಿಡುಗಡೆಯಾಗಿ ಗಂಟು ಕಟ್ಟಿದೆ ಎಂದು ನೋಡಿ, ಅದೇ ಬದಿಯ ಗರ್ಭಕೋಶದ ಕೊಂಬಿನೊಳಗೆ ಇಡುತ್ತಾರೆ. ಗಂಟು ಸರಿಯಿಲ್ಲದ ಹಸು ಅಲ್ಲೇ ಅನರ್ಹ, ಹೊಂದಿಸಿದ ಖರ್ಚು ಮಾತ್ರ ನಿಮ್ಮದು. ಇಟ್ಟವುಗಳಲ್ಲಿ ಗಬ್ಬ ನಿಲ್ಲುವುದು ಸರಿಸುಮಾರು ಮೂರರಲ್ಲಿ ಒಂದು.

ಒಂದು ಭ್ರೂಣ ಇಡಲು ಹಸು ಹೊಂದಿಸುವುದೂ ಸೇರಿ 6 ಸಾವಿರ ಎಂದುಕೊಂಡರೆ ಒಂದು ಗಬ್ಬಕ್ಕೆ 18 ಸಾವಿರ, ಜೊತೆಗೆ ನಿಲ್ಲದ ಎರಡು ಪ್ರಯತ್ನಗಳ ಖಾಲಿ ದಿನಗಳು. ಗೋಕುಲ ಮಿಷನ್‌ನಡಿ ಖಚಿತವಾದ ಒಂದು ಗಬ್ಬಕ್ಕೆ 5,000 ರೂಪಾಯಿ ಸಹಾಯಧನವಿದ್ದರೂ ಉಳಿದದ್ದು ರೈತನ ತಲೆಯ ಮೇಲೆಯೇ. ಆ ಕರು ಮುಂದೆ ದಿನಕ್ಕೆ ಮೂರು ಲೀಟರ್ ಹೆಚ್ಚು ಕೊಟ್ಟು, ಹೆಚ್ಚಿನ ಮೇವಿನ ಖರ್ಚು ಕಳೆದು ಲೀಟರಿಗೆ 15 ರೂಪಾಯಿ ಉಳಿದರೆ ಒಂದು ಸೂಲಿಗೆ 13,500 ರೂಪಾಯಿ ಬರುತ್ತದಲ್ಲ ಎನ್ನುವವರಿದ್ದಾರೆ. ಬರುತ್ತದೆ, ಆದರೆ ಭ್ರೂಣ ಇಟ್ಟು ಮೂರು ವರ್ಷ ಕಳೆದ ಮೇಲೆ, ಅದೂ ಆ ಹಸು ತಾಳುವಷ್ಟು ಹಸಿ ಮೇವು, ಹಿಂಡಿ, ನೆರಳು ಇದ್ದರೆ. ಈಗಿರುವ ಹಸುಗಳೇ ತಮ್ಮ ತಳಿಯ ಶಕ್ತಿಯಷ್ಟು ಹಾಲು ಕೊಡದೆ, ಖನಿಜ ಮಿಶ್ರಣವಿಲ್ಲದೆ ನಿಂತಿದ್ದರೆ ಮೇಲ್ತಳಿಯ ಕರುವೂ ಅಲ್ಲೇ ನಿಲ್ಲುತ್ತದೆ. ಇದಲ್ಲದೆ ಒಳ್ಳೆಯ ಹೋರಿಯ ನಳಿಕೆಯಿಂದಲೇ ಅರ್ಧ ತಳಿಗುಣ ಕೆಲವೇ ನೂರು ರೂಪಾಯಿಗೆ ಬರುತ್ತದೆ. ಭ್ರೂಣ ಕೊಡುವುದು ಉಳಿದರ್ಧವನ್ನು, ಹತ್ತಾರು ಪಟ್ಟು ಬೆಲೆಗೆ. ವೀರ್ಯ ಕೇಂದ್ರಕ್ಕೆ ಹೋರಿ ಬೆಳೆಸುವವರಿಗೆ, ಅಳಿಯುತ್ತಿರುವ ನಾಟಿ ತಳಿಯನ್ನು ಉಳಿಸುವ ಸರ್ಕಾರಿ ಫಾರ್ಮಿಗೆ ಈ ಬೆಲೆ ಸಲ್ಲುತ್ತದೆ.

ಹಾಗಿದ್ದೂ ಯಾರಾದರೂ ನಿಮ್ಮ ಹಸುವಿಗೆ ಭ್ರೂಣ ಇಡುತ್ತೇವೆಂದು ಬಂದರೆ, ದುಡ್ಡು ಯಾವಾಗ ಕೊಡಬೇಕು ಎಂದು ಮೊದಲು ಕೇಳಿ. ಭ್ರೂಣ ಇಟ್ಟ ದಿನವೇ ಕೇಳಿದರೆ ಗಬ್ಬ ನಿಲ್ಲದ ನಷ್ಟವೆಲ್ಲ ನಿಮ್ಮದು. 90 ದಿನದ ಗಬ್ಬ ಪರೀಕ್ಷೆಯ ನಂತರ ಕೊಡುವ ಒಪ್ಪಂದವಾದರೆ, ಭ್ರೂಣದ ಗುಣ, ಹಸು ಹೊಂದಿಸುವ ಇಂಜೆಕ್ಷನ್, ಇಡುವವರ ಕೈಚಳಕ ಎಲ್ಲದರ ಹೊಣೆ ಅವರ ಮೇಲೆ. ಮಧ್ಯೆ ಹಸು ಕಂದು ಹಾಕಿದರೆ ಯಾರ ಲೆಕ್ಕ, ಗಂಡು ಕರು ಹುಟ್ಟಿದರೆ ಏನು ಎಂಬುದನ್ನೂ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಆ ಹಸುವಿಗೆ ಮುಂದಿನ ಬೆದೆಯಲ್ಲಿ ಒಳ್ಳೆಯ ಹೋರಿಯ ನಳಿಕೆ ಹಾಕಿಸಿ.